ಉಪ್ಪಿನಕಾಯಿಯ ಎಣ್ಣೆಯನ್ನು ಮಾತ್ರ ನೋಡಿ ಕೊಳ್ಳಬಾರದು

ಸಾಲಿಗ್ರಾಮದ ಸುತ್ತಿನ ಗ್ರಾಮಗಳ ಯಜಮಾನರೂ ಜಮೀನುದಾರರೂ ಮದುವೆಯ ಊಟಕ್ಕೂ ನಾಟಿಯ ಆಳುಗಳ ಬುತ್ತಿಗೂ ಮನೆಗಳಲ್ಲಿ ತಯಾರಾದ ಉಪ್ಪಿನಕಾಯಿ, ಹಪ್ಪಳಗಳನ್ನು ಕೊಳ್ಳುವುದುಂಟು. ಜಾಡಿಯ ಮೇಲೆ ಎಣ್ಣೆ ಹೆಚ್ಚಾಗಿ ನಿಂತಿದ್ದರೆ ಸರಕು ಉತ್ತಮವೆಂದು ಬಹುಮಂದಿ ನಂಬಿರುವರು. ಈ ನಂಬಿಕೆ ಅರ್ಧ ಮಾತ್ರ ಸರಿಯೆಂದು ನನ್ನ ಅಭಿಪ್ರಾಯ.

ಎಣ್ಣೆಯ ಕೆಲಸವು ಗಾಳಿಯನ್ನು ತಡೆಯುವುದು. ಬೂಷ್ಟಿಗೆ ಗಾಳಿ ಬೇಕು. ಆದುದರಿಂದ ಹೋಳುಗಳು ಎಣ್ಣೆಯಲ್ಲಿ ಮುಳುಗಿರತಕ್ಕದ್ದು. 2011ರ ಆಹಾರ ನಿಯಮಗಳು ಎಣ್ಣೆಯ ಪದರವು ಅರ್ಧ ಸೆಂಟಿಮೀಟರಿಗೆ, ಇಲ್ಲವೇ ಎಣ್ಣೆಯು ಶೇಕಡಾ 10ಕ್ಕೆ, ಕಡಿಮೆಯಾಗಬಾರದೆಂದು ವಿಧಿಸಿದ್ದವು. ಆದರೆ ಗಾಳಿಯಿಲ್ಲದೆಡೆಯಲ್ಲಿಯೇ ಬೆಳೆದು ವಿಷವನ್ನುಂಟುಮಾಡುವ ಕ್ರಿಮಿಯೂ ಒಂದುಂಟು. ಆ ವಿಷವು ವಾಸನೆಯಿಂದಲಾಗಲಿ ಬಣ್ಣದಿಂದಲಾಗಲಿ ತಿಳಿಯದು. ಅದನ್ನು ತಡೆಯುವುದು ಹುಳಿ ಮತ್ತು ಉಪ್ಪು, ಎಣ್ಣೆಯಲ್ಲ.

ಎರಡು ಜಾಡಿಗಳನ್ನು ಹೋಲಿಸೋಣ. ಒಂದರಲ್ಲಿ ಬೆಳ್ಳುಳ್ಳಿಯ ಮೇಲೆ ಬೆರಳು ದಪ್ಪ ಎಣ್ಣೆ. ನಿಂಬೆರಸವಿಲ್ಲ, ಉಪ್ಪು ಸ್ವಲ್ಪ. ಮತ್ತೊಂದರಲ್ಲಿ ಮಾವಿನ ಹೋಳುಗಳು ಮುಳುಗುವಷ್ಟೇ ಎಣ್ಣೆ. ಆದರೆ ಕಿಲೋಗ್ರಾಂ ಹುಳಿಮಾವಿಗೆ ಸುಮಾರು 200 ಗ್ರಾಂ ಉಪ್ಪು ಬಿದ್ದಿದೆ. ನೋಟಕ್ಕೆ ಮೊದಲನೆಯದು ಶ್ರೀಮಂತ, ಬಾಳಿಕೆಗೆ ಎರಡನೆಯದು. ಎರಡನೆಯದು ಜತನವಾಗಿದ್ದರೆ ವರ್ಷ ಬಾಳುವುದು; ಮೊದಲನೆಯದನ್ನು ಕೊಳ್ಳದಿರುವುದೇ ಲೇಸು.

ಕೊಳ್ಳುವಾಗ ಒಣ ಚಮಚದಿಂದ ಹೋಳನ್ನು ಒತ್ತಿ ನೋಡಬೇಕು. ಸಣ್ಣ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಒಳಗೆ ಹುದುಗು ನಡೆಯುತ್ತಿದೆಯೆಂದರ್ಥ. ಒಂದು ತೊಟ್ಟು ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಕಮಟು ತಿಳಿಯುವುದು. ಒಳ್ಳೆಣ್ಣೆಯು ಬೇಗನೆ ಕಮಟುವುದಿಲ್ಲ. ಒಮ್ಮೆ ಕರಿದ ಎಣ್ಣೆಯು ಬೇಗನೆ ಕೆಡುವುದು. ಮಾರುವಾಕೆ ಹೋಳುಗಳ ನೀರನ್ನು ಆರಿಸಿದ್ದಳೇ, ಜಾಡಿಯನ್ನು ಬಿಸಿಲಿನಲ್ಲಿ ಒಣಗಿಸಿದ್ದಳೇ ಎಂಬುದನ್ನೂ ಕೇಳತಕ್ಕದ್ದು. ಒಂದು ಒದ್ದೆ ಸೌಟು ಇಡೀ ಜಾಡಿಯನ್ನು ಕೆಡಿಸಬಲ್ಲದು.

“ರಾಸಾಯನಿಕ ಹಾಕಿಲ್ಲ” ಎಂಬ ಮಾತೊಂದೇ ಯೋಗ್ಯತಾಪತ್ರವಲ್ಲ. ಕಾನೂನು ಒಪ್ಪಿದ ಅಲ್ಪ ಪ್ರಮಾಣದ ಸೋಡಿಯಂ ಬೆಂಜೊಯೇಟ್ ದೋಷವಲ್ಲ; ಆದರೆ ಕೊಳಕು ಕೈ, ಒದ್ದೆ ಜಾಡಿಗಳ ತಪ್ಪನ್ನು ಅದು ಮುಚ್ಚಲಾರದು.

ಹಪ್ಪಳಕ್ಕೆ ಹುಳಿಯ ರಕ್ಷಣೆಯೂ ಇಲ್ಲ, ಎಣ್ಣೆಯ ರಕ್ಷಣೆಯೂ ಇಲ್ಲ. ಒಣಗಿರುವಿಕೆಯೇ ಅದರ ಆಯುಸ್ಸು. ಮಳೆಗಾಲಕ್ಕೆ ಕೂಡಿಡುವ ಅಕ್ಕಿಹಪ್ಪಳವು ಮಡಿಸಿದರೆ ಬಾಗದೆ ಪಟ್ಟನೆ ಮುರಿಯಬೇಕು. ಉದ್ದಿನ ಹಪ್ಪಳವು ಸ್ವಲ್ಪ ಬಾಗಬಹುದು. ಆದರೆ ಒಂದಕ್ಕೊಂದು ಅಂಟಬಾರದು. ಕರಿದಾಗ ಕೆಂಪೇರಿ ಸಾಬೂನಿನ ರುಚಿ ಬಂದರೆ ಹಪ್ಪಳಖಾರ ಮಿತಿಮೀರಿದೆಯೆಂದು ತಿಳಿಯಬೇಕು.

ತಯಾರಿಸಿದ ದಿನವನ್ನು ಬರೆದು ಕೊಡುವಾಕೆಗೆ ಎರಡು ಕಾಸು ಹೆಚ್ಚು ಕೊಡುವುದು ನ್ಯಾಯ. ಎಣ್ಣೆಯ ದಪ್ಪಕ್ಕೆ ಬೆಲೆ ಕೊಡುತ್ತಿದ್ದರೆ ಮಾರುವವರು ಎಣ್ಣೆಯನ್ನೇ ಸುರಿಯುವರು. ಹುಳಿ, ಉಪ್ಪು, ಒಣಗುಗಳಿಗೆ ಬೆಲೆ ಕೊಟ್ಟರೆ ಅವುಗಳನ್ನೇ ಕಾಯುವರು.