ಒಪ್ಪಾ ಅಂದ್ರೆ ‘ಬೇಬ್’ ಅಲ್ಲ ಸ್ವಾಮೀ!

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗೋ ಬಸ್ಸು. ಮುಂದಿನ ಸೀಟಿನಾಕೆ ಗಂಡನನ್ನ ಕೇಳಿದ್ಳು: “ಮಾವಾ, ಟಿಕೀಟು ತಗಂಡ್ಯಾ?” ಇದನ್ನ ಇಂಗ್ಲಿಷಿನಲ್ಲಿ ‘ಅಂಕಲ್’ ಅಂತ ಬರೆದ್ರೆ ನಾವು ನಗ್ತೀವಿ. ‘ಡಾರ್ಲಿಂಗ್’ ಅಂತ ಬರೆದ್ರೆ ಆಕೆಯೇ ನಗ್ತಾಳೆ :-)

ಆದ್ರೆ ಕೊರಿಯಾದ ಹೆಣ್ಣುಮಗಳಿಗೆ ನಾವು ಮಾಡ್ತಿರೋದು ಇದನ್ನೇ. 2021ರ ‘ಸ್ಕ್ವಿಡ್ ಗೇಮ್’ನಲ್ಲಿ ಮಿ-ನ್ಯೋ ಆ ರೌಡಿಯನ್ನ ‘ಒಪ್ಪಾ’ ಅಂತ ಕರೀತಾಳೆ, ಕೆಳಗೆ ಇಂಗ್ಲಿಷಿನಲ್ಲಿ ‘ಬೇಬ್’ ಅಂತ ಬರುತ್ತೆ. ಬೇಬ್ ಅಂತ ಗಂಡೂ ಕರೀಬಹುದು, ಹೆಣ್ಣೂ ಕರೀಬಹುದು. ಒಪ್ಪಾ ಹಾಗಲ್ಲ. ಹೆಣ್ಣು ತನಗಿಂತ ದೊಡ್ಡ ಗಂಡಸಿಗೆ ಮಾತ್ರ ಹೇಳೋ ಮಾತು ಅದು. ಅದರಲ್ಲಿ ಸಲಿಗೆ ಇದೆ, ಜೊತೆಗೆ ‘ನೀನು ದೊಡ್ಡೋನು, ನನ್ನ ನೋಡ್ಕೋ’ ಅನ್ನೋ ಹಕ್ಕೂ ಇದೆ.

ಹಾಗಾದ್ರೆ ‘ಬ್ರದರ್’? ಒಡಹುಟ್ಟಿದ ಅಣ್ಣನಿಗೂ ಒಪ್ಪಾ ಅಂತಾರೆ, ನಿಜ. ನಮ್ಮಲ್ಲಿ ಕೆಲವರು ಅದಕ್ಕೇ ‘ಅಣ್ಣಾ’ ಅಂತ ಕನ್ನಡಿಸ್ತಾರೆ. ಇಲ್ಲೇ ಎಡವೋದು. ನಮ್ಮ ಕಡೆ ಮಾವ ಅನ್ನೋದು ಮದುವೆಗೆ ಒಪ್ಪೋ ಸಂಬಂಧ, ಸೋದರಮಾವನನ್ನೇ ಮದುವೆಯಾದೋರೂ ಇದಾರೆ. ಅಣ್ಣ ಅಂದ್ಬಿಟ್ರೆ ಬಾಗಿಲು ಮುಚ್ಚಿತು! ಕೊರಿಯಾದಲ್ಲಿ ಹತ್ತಿರದ ನೆಂಟರಲ್ಲಿ ಮದುವೆಯೇ ಇಲ್ಲ. ಒಂದೇ ಹೆಸರಿನ, ಒಂದೇ ಮೂಲದ ಮನೆತನದವರೂ ಮದುವೆಯಾಗಬಾರದು ಅನ್ನೋ ಕಾನೂನನ್ನ 1997ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತಳ್ಳಿಹಾಕಿತು. ಅದು ಕಾನೂನಿನ ಪುಸ್ತಕದಿಂದ ಹೋಗಿದ್ದು 2005ರಲ್ಲಿ. ಅಂಥ ಕಡೆ ಪ್ರೇಮಿಗೆ ಹೇಳೋ ಒಪ್ಪಾ ನೆಂಟಸ್ತಿಕೆ ಲೆಕ್ಕ ಹಾಕ್ತಿಲ್ಲ, ವಯಸ್ಸಿನ ಲೆಕ್ಕ ಹಾಕ್ತಿದೆ. ಮಾವ, ಒಪ್ಪಾ ಎರಡೂ ಗಂಡನ ಮೇಲೇ ಬಿದ್ರೂ ಬಂದ ದಾರಿ ಬೇರೆ.

ನನ್ನ ವಾದ ಇಷ್ಟೇ. ಇಂಗ್ಲಿಷಿನಲ್ಲೂ ‘ಒಪ್ಪಾ’ ಅಂತಲೇ ಬಿಡಿ. 2021ರಲ್ಲಿ ಆಕ್ಸ್‌ಫರ್ಡ್ ನಿಘಂಟೇ ಅದನ್ನ ಒಳಗೆ ಬಿಟ್ಕೊಂಡಿದೆ. ಆದ್ರೆ ಬಿಟ್ರೆ ಸಾಲದು, ಕರೆ ಬದಲಾಗೋ ಜಾಗವನ್ನ ಕಾಣಿಸಬೇಕು. ಹೀಗೊಂದು ದೃಶ್ಯ ಅಂದ್ಕೊಳ್ಳಿ: ಆಫೀಸಿನ ಹುಡುಗಿ ಆರು ಕಂತು ‘ಮಿನ್ಸು-ಶಿ’ ಅಂತಾಳೆ, ಅಂದ್ರೆ ಮಿನ್ಸು ಅವರೇ ಅಂತ. ಏಳನೇ ಕಂತಿನಲ್ಲಿ ಮೆಲ್ಲಗೆ ‘ಒಪ್ಪಾ’ ಅಂತಾಳೆ. ಅವನ ಕಿವಿ ಕೆಂಪಾಗುತ್ತೆ. ಸಬ್‌ಟೈಟಲ್‌ನಲ್ಲಿ ಎರಡು ಕಡೆಯೂ ಬರೀ ‘ಮಿನ್ಸು’! ಕಿವಿ ಯಾಕೆ ಕೆಂಪಾಯ್ತು ಅಂತ ನೋಡೋರಿಗೆ ಗೊತ್ತಾಗೋದು ಹೇಗೆ? ಮೊದಲು ‘ಮಿಸ್ಟರ್’ ಹಾಕಿ ಮನೆತನದ ಹೆಸರು, ಮಾತೂ ಬಿಗಿಯಾಗಿ. ಆಮೇಲೆ ಒಪ್ಪಾ, ಜೊತೆಗೆ ಸಡಿಲವಾದ ವಾಕ್ಯ. ಆಗ ಅರ್ಥ ಹೇಳದೆಯೂ ತಿಳಿಯುತ್ತೆ.

ಒಂದು ತೊಂದರೆ ಇದೆ, ಒಪ್ಪಿದೆ. ಅದೇ ಕಥೇಲಿ ಅವಳ ಸ್ವಂತ ಅಣ್ಣನೂ ಬಂದ್ರೆ ಓದುಗ ಗಲಿಬಿಲಿಯಾಗ್ತಾನೆ. ಅಲ್ಲಿ ಅಣ್ಣನಿಗೆ ಅವನ ಹೆಸರು ಹಾಕಿ, ಪ್ರೇಮಿಗೆ ಮಾತ್ರ ಒಪ್ಪಾ ಉಳಿಸಿ.

‘ರೀ’ ಅನ್ನೋದನ್ನ ಇಂಗ್ಲಿಷಿಗೆ ತಂದು ಸೋತ ಬ್ಲಾಗಿಗರೇ, ನೀವೇನಂತೀರಿ?