ಮನೆಯ ಸುತ್ತಲಿನ ಮಣ್ಣಿನ ಲೆಕ್ಕ: ಬೆಳಗಾವಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು,
ಬೆಳಗಾವಿ.

ವಿಷಯ: ನದಿ ತೀರದ ಮನೆಗಳ ಅಂದಾಜು ಪಟ್ಟಿಯಲ್ಲಿ ಮಣ್ಣು ಭರ್ತಿಯ ಪ್ರಮಾಣವನ್ನು ಪ್ರತ್ಯೇಕವಾಗಿ ತೋರಿಸುವ ಕುರಿತು.

ಮಾನ್ಯರೇ,

2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ದಂಡೆ ಮೀರಿ ಹರಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ತೀರದ ಊರುಗಳಲ್ಲಿ ನೀರು ಮನೆಗಳೊಳಗೆ ನಿಂತಿತು. 2019ರಲ್ಲಿ ಪೂರ್ಣ ಬಿದ್ದ ಮನೆಗಳಿಗೆ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿಗಳ ನೆರವನ್ನು ಹಂತ ಹಂತವಾಗಿ ಕೊಡುವುದಾಗಿ ಪ್ರಕಟಿಸಿತು. ಅದೇ ಜಾಗದಲ್ಲಿ ಮತ್ತೆ ಕಟ್ಟುವವರು ನೆಲವನ್ನು ಎತ್ತರಿಸಿ, ಮನೆಯ ಸುತ್ತಲೂ ಮಣ್ಣಿನ ದಿಬ್ಬ ಹಾಕಲು ಬಯಸುವುದು ಸಹಜ. ಆದರೆ ಆ ದಿಬ್ಬಕ್ಕೆ ಬೇಕಾಗುವ ಮಣ್ಣನ್ನು ಮನೆಯ ಉದ್ದ, ಅಗಲ ಮತ್ತು ಎತ್ತರಗಳ ಗುಣಲಬ್ಧವೆಂದು ಎಣಿಸಿದರೆ, ನಿಜವಾಗಿ ತರಬೇಕಾದ ಮಣ್ಣಿನ ಸುಮಾರು ಕಾಲುಭಾಗ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಈ ಅಂತರ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಒಂದು ಸಾಮಾನ್ಯ ಮನೆಯ ಅಳತೆಯ ಮೇಲೆ ತೋರಿಸುವುದು ಈ ಪತ್ರದ ಉದ್ದೇಶ.

ಹೊರ ಅಳತೆ 20 ಅಡಿ ಅಗಲ, 30 ಅಡಿ ಉದ್ದ ಇರುವ ಮನೆಯನ್ನು 4 ಅಡಿ ಎತ್ತರದ ದಿಬ್ಬದ ಮೇಲೆ ಕಟ್ಟಬೇಕಾಗಿದೆ ಎಂದು ಇಟ್ಟುಕೊಳ್ಳಬಹುದು. ಮೇಲಿನ ಸರಳ ಗುಣಾಕಾರದಿಂದ 2,400 ಘನ ಅಡಿ, ಅಂದರೆ 24 ಬ್ರಾಸ್ ಬರುತ್ತದೆ. ಈ ಭಾಗದಲ್ಲಿ ಮರಳು, ಗರಸು, ಕಲ್ಲುಗಳ ವ್ಯಾಪಾರದಲ್ಲಿ ಬಳಕೆಯಲ್ಲಿರುವ ಬ್ರಾಸ್ ಎಂಬುದು 100 ಘನ ಅಡಿಗಳ ಅಳತೆ. ಆದರೆ ಗೋಡೆಯ ಅಂಚಿಗೇ ಮುಗಿಯುವ ದಿಬ್ಬ ನಿಲ್ಲುವುದಿಲ್ಲ. ನೀರು ಇಳಿಯುವಾಗ ಅಂಚಿನ ಮಣ್ಣು ಮೊದಲು ಜಾರುವುದರಿಂದ, ಗೋಡೆಯ ಸುತ್ತ ಕನಿಷ್ಠ 4 ಅಡಿ ಸಮತಟ್ಟಾದ ಅಂಚನ್ನು ಬಿಟ್ಟು, ಅಲ್ಲಿಂದ ಕೆಳಕ್ಕೆ 1 ಅಡಿ ಇಳಿತಕ್ಕೆ 2 ಅಡಿ ಹೊರಚಾಚುವ ಇಳಿಜಾರನ್ನು ನಾಲ್ಕೂ ಬದಿಗೆ ಕೊಡಬೇಕಾಗುತ್ತದೆ. ಆಗ ದಿಬ್ಬದ ಮೇಲ್ಮೈ 28 ಅಡಿಗೆ 38 ಅಡಿ ಆಗುತ್ತದೆ, ಬುಡ 44 ಅಡಿಗೆ 54 ಅಡಿಗೆ ಹರಡುತ್ತದೆ.

ಇಂತಹ ಆಕಾರದ ಘನ ಅಳತೆಗೆ ಮೇಲ್ಮೈ ವಿಸ್ತೀರ್ಣ, ಬುಡದ ವಿಸ್ತೀರ್ಣ ಮತ್ತು ಅರ್ಧ ಎತ್ತರದಲ್ಲಿನ ವಿಸ್ತೀರ್ಣದ ನಾಲ್ಕು ಪಟ್ಟನ್ನು ಕೂಡಿಸಿ, ಬಂದ ಮೊತ್ತವನ್ನು ಎತ್ತರದಿಂದ ಗುಣಿಸಿ 6ರಿಂದ ಭಾಗಿಸುವ ಸೂತ್ರವಿದೆ. ಇಲ್ಲಿ ಆ ಮೂರು ವಿಸ್ತೀರ್ಣಗಳು 1,064, 2,376 ಮತ್ತು 1,656 ಚದರ ಅಡಿಗಳಾಗಿದ್ದು, ಉತ್ತರ ಸುಮಾರು 6,709 ಘನ ಅಡಿ. ಸೂತ್ರ ನೆನಪಿಲ್ಲದ ಗೌಂಡಿಯೂ ಅರ್ಧ ಎತ್ತರದ ಉದ್ದ ಅಗಲಗಳಾದ 46 ಮತ್ತು 36 ಅಡಿಗಳನ್ನು ಗುಣಿಸಿ 4ರಿಂದ ಗುಣಿಸಿದರೆ 6,624 ಬರುತ್ತದೆ, ವ್ಯತ್ಯಾಸ ಒಂದು ಬ್ರಾಸಿಗಿಂತ ಕಡಿಮೆ. ಈ ದಿಬ್ಬದೊಳಗೆ ಹುದುಗುವ ಪಾಯದ ಕಲ್ಲುಕಟ್ಟು, ಗೋಡೆ ಒಂದೂವರೆ ಅಡಿ ದಪ್ಪವಿದ್ದು ಒಳಗೆ ಒಂದು ಅಡ್ಡಗೋಡೆಯಿದ್ದರೆ, ಸುಮಾರು 666 ಘನ ಅಡಿ ಜಾಗ ಹಿಡಿಯುತ್ತದೆ, ಅದನ್ನು ಕಳೆಯಬೇಕು. ದಿಬ್ಬದ ಮೇಲೆ ಮನೆಯೊಳಗಿನ ನೆಲವನ್ನು ಇನ್ನಷ್ಟು ಎತ್ತರಿಸಲು ಗೋಡೆಗಳ ನಡುವೆ ಒಂದು ಅಡಿ ತುಂಬಿದರೆ ಸುಮಾರು 433 ಘನ ಅಡಿ ಸೇರಿಸಬೇಕು. ಹೀಗೆ ಕಳೆದು ಕೂಡಿದಾಗ 6,476 ಘನ ಅಡಿ ಉಳಿಯುತ್ತದೆ.

ಇಲ್ಲಿಗೆ ಲೆಕ್ಕ ಮುಗಿಯುವುದಿಲ್ಲ, ಏಕೆಂದರೆ ನದಿ ತೀರದ ನೆಲ ಬಹುಪಾಲು ಎರೆಮಣ್ಣಿನದು. ತೇವ ತಗುಲಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುವ ಈ ಮಣ್ಣು ಭರ್ತಿಗೆ ಯೋಗ್ಯವಲ್ಲ. ಬೇರು, ಕಸ ಬೆರೆತ ಅದರ ಮೇಲ್ಪದರವನ್ನು ದಿಬ್ಬದ ಅಡಿಯಲ್ಲಿ ಬಿಡುವುದೂ ಸಲ್ಲದು. ಬುಡದ ಇಡೀ ವಿಸ್ತೀರ್ಣದಲ್ಲಿ ಅರ್ಧ ಅಡಿ ಕೆತ್ತಿ ತೆಗೆದು ಗರಸು ತುಂಬಿದರೆ 1,188 ಘನ ಅಡಿ ಹೆಚ್ಚುವರಿಯಾಗಿ ಬೇಕು. ಒಟ್ಟು 7,664 ಘನ ಅಡಿ ಆಗುತ್ತದೆ. ಇದು ದಮ್ಮಸು ಮಾಡಿ ಗಟ್ಟಿಯಾದ ಸ್ಥಿತಿಯ ಅಳತೆ. ಟ್ರೇಲರಿನಲ್ಲಿ ಬರುವ ಸಡಿಲ ಗರಸು ನೀರು ಚಿಮುಕಿಸಿ ದಮ್ಮಸು ಮಾಡಿದಾಗ ಕುಗ್ಗುವುದರಿಂದ, ಸಾಮಾನ್ಯವಾಗಿ ಕಾಲುಭಾಗದಷ್ಟು ಹೆಚ್ಚು ತರಿಸಬೇಕಾಗುತ್ತದೆ. ಆಗ 9,580 ಘನ ಅಡಿ, ಅಂದರೆ ಸುಮಾರು 96 ಬ್ರಾಸ್ ಬೇಕಾಗುತ್ತದೆ. ಒಂದು ಟ್ರೇಲರಿಗೆ ಒಂದು ಬ್ರಾಸ್ ಎಂದು ಹಿಡಿದರೆ 24ರ ಜಾಗದಲ್ಲಿ 96 ಟ್ರೇಲರ್ ಬರಬೇಕು. ಮಣ್ಣು 24ಕ್ಕೇ ನಿಂತಲ್ಲಿ ಅಂಚು ಮತ್ತು ಇಳಿಜಾರುಗಳು ಮೊದಲು ಕೈಬಿಡಲ್ಪಟ್ಟು, ಆ ಬಳಿಕ ಮನೆಯ ಒಳಗೆ ಸ್ಥಳದ ಎರೆಮಣ್ಣನ್ನೇ ತುಂಬುವ ಪ್ರಸಂಗ ಬರುತ್ತದೆ.

ಎತ್ತರದ ನಿರ್ಧಾರವೂ ಇದೇ ಲೆಕ್ಕಕ್ಕೆ ಸೇರಿದ್ದು. ದಿಬ್ಬದ ಎತ್ತರವನ್ನು 4ರಿಂದ 5 ಅಡಿಗೆ ಏರಿಸಿದರೆ ಎತ್ತರ ಶೇ. 25ರಷ್ಟು ಹೆಚ್ಚುತ್ತದೆ, ಆದರೆ ಇಳಿಜಾರು ಹರಡುವುದರಿಂದ ದಿಬ್ಬದ ಗಾತ್ರ 6,709ರಿಂದ ಸುಮಾರು 9,287 ಘನ ಅಡಿಗೆ, ಅಂದರೆ ಶೇ. 38ರಷ್ಟು ಏರುತ್ತದೆ. ಆದ್ದರಿಂದ ಎಲ್ಲ ಊರಿಗೂ ಒಂದೇ ಎತ್ತರ ನಿಗದಿಪಡಿಸುವುದಕ್ಕಿಂತ, ಆಯಾ ಓಣಿಯ ಗೋಡೆಗಳಲ್ಲಿ 2019ರ ನೀರು ಬಿಟ್ಟ ಗುರುತನ್ನು ಲೆವೆಲ್ ಯಂತ್ರದಿಂದ ಅಳೆದು ಎತ್ತರ ನಿರ್ಧರಿಸುವುದು ಮಿತವ್ಯಯದ ಮಾರ್ಗ. ಗುರುತು ತೀರ ಎತ್ತರದಲ್ಲಿರುವ ಓಣಿಗಳಲ್ಲಿ ದಿಬ್ಬದ ಬುಡ ನಿವೇಶನದ ಗಡಿ ದಾಟುತ್ತದೆ, ಅಲ್ಲಿ ಸ್ಥಳಾಂತರವೇ ಸರಿಯಾದ ಉತ್ತರ. ಪ್ರವಾಹದ ವೇಗ ಹೆಚ್ಚಿರುವ ದಂಡೆಯಂಚಿನಲ್ಲಿ ಕಲ್ಲು ಹಾಸದ ದಿಬ್ಬ ಕೊರೆದುಹೋಗುತ್ತದೆ ಎಂಬ ಮಿತಿಯೂ ಇದೆ.

ಒಂಟಿ ದಿಬ್ಬಗಳು ನೆರೆಯ ತಗ್ಗು ಮನೆಗಳತ್ತ ನೀರು ತಿರುಗಿಸುತ್ತವೆ. ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಒಂದೇ ದಿಬ್ಬ ಹಾಕಿದರೆ ಮಣ್ಣಿನಲ್ಲೂ ಉಳಿತಾಯವಾಗುತ್ತದೆ. ಇದೇ ಅಳತೆಯ ನಾಲ್ಕು ಮನೆಗಳನ್ನು ಸಾಲಾಗಿ ಕೂರಿಸಿದರೆ ನಡುವಿನ ಇಳಿಜಾರುಗಳು ಬೇಡವಾಗಿ ದಿಬ್ಬದ ಮೊತ್ತ ಸುಮಾರು 22,165 ಘನ ಅಡಿಗೆ ನಿಲ್ಲುತ್ತದೆ. ಮನೆಯೊಂದಕ್ಕೆ 5,541 ಘನ ಅಡಿ ಬೀಳುತ್ತದೆ. ಇದು ಒಂಟಿ ದಿಬ್ಬಕ್ಕಿಂತ ಶೇ. 17ರಷ್ಟು ಕಡಿಮೆ. ಮಳೆನೀರು ಹೊರಹೋಗುವ ಕಾಲುವೆಯನ್ನು ಮಾತ್ರ ಮೊದಲೇ ಗುರುತಿಸಿರಬೇಕು.

ಮಣ್ಣು ಸಾಕಷ್ಟು ಬಂದರೂ ತುಂಬುವ ಕ್ರಮ ತಪ್ಪಿದರೆ ಫಲವಿಲ್ಲ. ಇಡೀ ಟ್ರೇಲರನ್ನು ಒಮ್ಮೆಗೇ ಸುರಿದು ಮೇಲೆ ಮಾತ್ರ ದಮ್ಮಸು ಮಾಡಿದಾಗ ಒಳಗಿನ ಮಣ್ಣು ಸಡಿಲವಾಗಿಯೇ ಉಳಿದು, ಮೊದಲ ಮಳೆಗಾಲದಲ್ಲಿ ಕುಸಿಯುತ್ತದೆ. ನೆಲಹಾಸು ಟೊಳ್ಳು ಸದ್ದು ಕೊಡುವುದು, ಗೋಡೆ ಮತ್ತು ನೆಲ ಸೇರುವಲ್ಲಿ ಸೀಳು ಬಿಡುವುದು, ಮೆಟ್ಟಿಲು ಮನೆಯಿಂದ ಬೇರ್ಪಡುವುದು ಅದರ ಲಕ್ಷಣಗಳು. ಅರ್ಧದಿಂದ ಮುಕ್ಕಾಲು ಅಡಿಯ ಪದರಗಳಲ್ಲಿ ಹರಡಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲುವಷ್ಟು ತೇವ ಕೊಟ್ಟು, ಪ್ರತಿ ಪದರವನ್ನೂ ಬೇರೆಯಾಗಿ ಗಟ್ಟಿಗೊಳಿಸಬೇಕು.

ಆದ್ದರಿಂದ ಪತ್ರದ ಕೋರಿಕೆ ಮೂರು. ಐದೂ ತಾಲೂಕುಗಳ ತೀರದ ಮನೆಗಳ ಅಂದಾಜು ಪಟ್ಟಿಯಲ್ಲಿ ಗೋಡೆಯೊಳಗಿನ ಭರ್ತಿ ಮತ್ತು ಹೊರ ದಿಬ್ಬದ ಭರ್ತಿಯನ್ನು ಎರಡು ಬಾಬ್ತುಗಳಾಗಿ, ಗಟ್ಟಿಯಾದ ಸ್ಥಿತಿಯ ಅಳತೆಯಲ್ಲಿ ತೋರಿಸಲು ಆದೇಶವಾಗಬೇಕು. ಮೊತ್ತ ಬಿಡುಗಡೆಗೆ ಟ್ರೇಲರಿನ ಎಣಿಕೆಯನ್ನು ಆಧಾರವಾಗಿಸದೆ, ಕೆಲಸದ ಮುಂಚೆ ಮತ್ತು ನಂತರ ತೆಗೆದ ಮಟ್ಟದ ದಾಖಲೆಯನ್ನು ಆಧಾರವಾಗಿಸಬೇಕು. ಸರ್ಕಾರಿ ಗೈರಾಣಗಳಲ್ಲಿ ಯೋಗ್ಯ ಗರಸು ಇರುವ ಕಡೆ, ಗುಂಡಿಗಳು ಮನೆಗಳಿಗೆ ಸಮೀಪವಾಗದಂತೆ ಜಾಗ ಗುರುತಿಸಿ, ಫಲಾನುಭವಿಗಳಿಗೆ ತೆಗೆಯುವ ಅನುಮತಿಯನ್ನು ಮಳೆಗಾಲಕ್ಕೆ ಮೊದಲೇ ಕೊಡಬೇಕು.


ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಒಬ್ಬ ನಾಗರಿಕ