‘ನನಗೆ’ ಎಂದರೆ ‘ಇಡಿ’

ಬಾಳೆಗುಳಿ ಕ್ರಾಸ್‌ನಲ್ಲಿ ಬಸ್ಸಿಗೆ ಕಾದು ಸುಸ್ತಾದ ಹುಡುಗರು ಗೆಳೆಯರಿಗೆ ‘ಐ ಆ್ಯಮ್ ಬೋರಿಂಗ್’ ಎಂದು ಮೆಸೇಜ್ ಹಾಕುವುದುಂಟು. ಹೇಳಬೇಕೆಂದಿದ್ದು ‘ನನಗೆ ಬೋರ್ ಆಗ್ತಿದೆ’ ಎಂದು. ಹೇಳಿದ್ದು ಮಾತ್ರ ‘ನಾನು ಬೋರ್ ಹೊಡೆಸುವವನು’ ಎಂದು. ಗೆಳೆಯರಿಗೆ ಅರ್ಥವಾಗುತ್ತದೆ, ಯಾರೂ ತಿದ್ದುವುದಿಲ್ಲ. ಎರಡೂ ಪದಗಳ ಸ್ಪೆಲ್ಲಿಂಗ್ ಸರಿಯೇ ಇರುವುದರಿಂದ ಮೊಬೈಲಿನಲ್ಲಿ ಕೆಂಪು ಗೆರೆಯೂ ಮೂಡುವುದಿಲ್ಲ. ಹೀಗೆ ರೂಢಿಯಾದದ್ದು ಒಂದು ದಿನ ಕೆಲಸ ಕೇಳುವ ಮೆಸೇಜಿಗೂ ಬಂದುಬಿಡುತ್ತದೆ: ‘ಐ ಆ್ಯಮ್ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’. ಅದನ್ನು ಓದುವವರು ನಮ್ಮ ಗೆಳೆಯರಲ್ಲ.

ಈ ಗೊಂದಲಕ್ಕೆ ಕಾರಣ ದಡ್ಡತನವಲ್ಲ, ನಮ್ಮ ಭಾಷೆಯ ರೀತಿ. ಕನ್ನಡದಲ್ಲಿ ಬೇಸರ, ಆಸಕ್ತಿ, ಆಶ್ಚರ್ಯ ಎಲ್ಲವೂ ‘ನನಗೆ’ ಆಗುತ್ತವೆ. ಕಾರವಾರ, ಅಂಕೋಲೆಯ ಮನೆಗಳಲ್ಲಿ ಕೇಳುವ ಕೊಂಕಣಿಯಲ್ಲೂ ‘ಮಾಕಾ’ ಎನ್ನುತ್ತೇವೆ. ಭಾವನೆ ಯಾರದೆಂದು ಆ ‘ಗೆ’ ಪ್ರತ್ಯಯವೇ ಹೇಳಿಬಿಡುತ್ತದೆ. ಇಂಗ್ಲಿಷಿನ ಈ ವಾಕ್ಯಗಳಲ್ಲಿ ‘ನನಗೆ’ ಇಲ್ಲ, ಎರಡು ಕಡೆಯೂ ಬರೀ ‘ಐ’. ಆದ್ದರಿಂದ ವ್ಯತ್ಯಾಸ ತೋರಿಸುವ ಹೊಣೆಯೆಲ್ಲ ಪದದ ಬಾಲಕ್ಕೆ ಬೀಳುತ್ತದೆ.

ಇನ್ನೊಂದು ಕಾರಣ ಶಾಲೆಯ ಪಾಠ. ‘ತಿನ್ನುತ್ತಿದ್ದೇನೆ’ ಎಂದರೆ ‘ಈಟಿಂಗ್’ ಎಂದು ಕಲಿತವರು ‘ಬೋರ್ ಆಗ್ತಿದೆ’ ಎಂಬುದಕ್ಕೂ ‘ಐಎನ್‌ಜಿ’ ಸೇರಿಸುತ್ತಾರೆ. ಆದರೆ ಇಂಗ್ಲಿಷಿನ ‘ಬೋರ್’ ಕ್ರಿಯಾಪದಕ್ಕೆ ಬೇಸರಪಡು ಎಂಬ ಅರ್ಥವಿಲ್ಲ. ಬೇಸರ ಹುಟ್ಟಿಸು ಎಂದರ್ಥ. ಹಾಗಾಗಿ ‘ಬೋರಿಂಗ್’ ಎಂದರೆ ಬೇಸರ ಹುಟ್ಟಿಸುವಂಥದ್ದು, ‘ಬೋರ್ಡ್’ ಎಂದರೆ ಬೇಸರಗೊಂಡವರು.

ಕಳಿಸುವ ಮುನ್ನ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. ‘ಈ ಕೆಲಸದಲ್ಲಿ ನನಗೆ ಆಸಕ್ತಿ ಇದೆ.’ ‘ಗೆ’ ಹತ್ತಿದ್ದು ಯಾರಿಗೆ? ನನಗೆ. ಅಲ್ಲಿಗೆ ‘ಇಡಿ’: ‘ಐ ಆ್ಯಮ್ ಇಂಟರೆಸ್ಟೆಡ್ ಇನ್ ದಿಸ್ ಜಾಬ್’. ಆಸಕ್ತಿ ಹುಟ್ಟಿಸಿದ್ದು ಯಾವುದು? ಕೆಲಸ. ಅದಕ್ಕೆ ‘ಐಎನ್‌ಜಿ’: ‘ದಿಸ್ ಜಾಬ್ ಈಸ್ ಇಂಟರೆಸ್ಟಿಂಗ್’.

ಮನುಷ್ಯರಿಗೆ ‘ಇಡಿ’, ವಸ್ತುಗಳಿಗೆ ‘ಐಎನ್‌ಜಿ’ ಎಂಬ ಸುಲಭ ಸೂತ್ರವನ್ನು ಮಾತ್ರ ನಂಬಬೇಡಿ. ‘ದಿ ಲೆಕ್ಚರರ್ ಈಸ್ ಬೋರಿಂಗ್’ ಎಂಬುದೂ ಸರಿ, ‘ಬೋರ್ಡ್’ ಎಂಬುದೂ ಸರಿ. ಮೊದಲನೆಯದರಲ್ಲಿ ಆಕಳಿಸುವವರು ವಿದ್ಯಾರ್ಥಿಗಳು, ಎರಡನೆಯದರಲ್ಲಿ ಮೇಷ್ಟ್ರೇ.

ಎಲ್ಲ ಪದಗಳಿಗೂ ಈ ಜೋಡಿ ಹೊಂದುವುದಿಲ್ಲ ಎಂಬುದೂ ನೆನಪಿರಲಿ. ಹೆದರಿದವರು ‘ಸ್ಕೇರ್ಡ್’, ಹೆದರಿಸುವ ಸಿನಿಮಾ ‘ಸ್ಕೇರಿ’. ಒತ್ತಡದಲ್ಲಿರುವವರು ‘ಸ್ಟ್ರೆಸ್ಡ್’, ಒತ್ತಡ ತರುವ ಪರೀಕ್ಷೆ ‘ಸ್ಟ್ರೆಸ್‌ಫುಲ್’. ಇಂಥವನ್ನು ಒಂದೊಂದಾಗಿ ಕಲಿಯಬೇಕು. ಆದರೆ ‘ಇಡಿ’ ಯಾರಿಗೆ ಎಂಬ ಪ್ರಶ್ನೆಗೆ ಇಲ್ಲೂ ಉತ್ತರ ಅದೇ: ಕನ್ನಡದಲ್ಲಿ ‘ಗೆ’ ಯಾರಿಗೆ ಹತ್ತುತ್ತದೋ ಅವರಿಗೆ.